ಬರೀ ಜಾಬ್ ಡಿಸ್ಕ್ರಿಪ್ಷನ್ ಕಳಿಸಿದ್ದಾರೆ, ಪ್ರಶ್ನೆ ಇಲ್ಲ. ಏನಂತ ಉತ್ತರ ಕೊಡಲಿ?

ಚಿತ್ರದುರ್ಗದ ಓದುಗರೊಬ್ಬರು ಕೇಳಿದ್ದಾರೆ: "ಜೂನಿಯರ್‌ಗಳು ವಾಟ್ಸಾಪ್‌ನಲ್ಲಿ ಕೆಲಸದ ವಿವರ ಹಾಕಿ ಸುಮ್ಮನಾಗುತ್ತಾರೆ. ಅದರ ಅರ್ಥ ಬೇಕಾ, ಅರ್ಜಿಗೆ ಸಲಹೆ ಬೇಕಾ, ಇಂಟರ್‌ವ್ಯೂಗೆ ತಯಾರಿ ಬೇಕಾ, ತಿಳಿಯೋದು ಹೇಗೆ?"

ಮೊದಲು ಅವರು ಕಳಿಸಿದ ವಿವರದ ಮೇಲೆ ಕೆಳಗೆ ಏನು ಉಳಿದಿದೆ ನೋಡಿ. ಇಂಟರ್‌ವ್ಯೂ ದಿನ, ಸಮಯ, ತರಬೇಕಾದ ದಾಖಲೆಗಳ ಸಾಲು ಇದ್ದರೆ ತಯಾರಿ ಬೇಕು. ನಡುವಿನ ಒಂದೇ ಪ್ಯಾರಾ ಕತ್ತರಿಸಿ ಕಳಿಸಿದ್ದರೆ ಬಹುಶಃ ಅದೇ ಅರ್ಥವಾಗಿಲ್ಲ. ಅರ್ಜಿಯ ಲಿಂಕ್, ಕೊನೆ ದಿನಾಂಕ ಇದ್ದರೆ ಇನ್ನೂ ಹಾಕಿಲ್ಲ ಅನ್ನಿಸುತ್ತದೆ. ಆದರೆ ಈ ಕೊನೆಯದನ್ನು ಜಾಸ್ತಿ ನಂಬಬೇಡಿ.

ಇಲ್ಲಿ ದಾವಣಗೆರೆಯಲ್ಲಿ ಆಡಿಟರ್ ಆಫೀಸಿನಲ್ಲಿ 8 ತಿಂಗಳು ಕೆಲಸ ಮಾಡಿದ್ದ ಹುಡುಗನೊಬ್ಬ ನನಗೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಕೆಲಸದ ವಿವರ ಕಳಿಸಿದ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬ್ಯಾಂಕ್ ರೀಕನ್ಸಿಲಿಯೇಷನ್, 1ರಿಂದ 3 ವರ್ಷ ಅನುಭವ, ಕೆಳಗೆ ಲಿಂಕ್. ನಾನು ರೆಸ್ಯೂಮೆ ತಿದ್ದುವುದು ಹೇಗೆ ಅಂತ ಉದ್ದಕ್ಕೆ ಬರೆದೆ. ಮರುದಿನ ಸಂಜೆ ಫೋನ್ ಮಾಡಿದ: "ಅಕ್ಕಾ, ಅರ್ಜಿ ಹಾಕಿ ಹತ್ತು ದಿನ ಆಯ್ತು, ನಾಳೆ ಬೆಳಗ್ಗೆನೇ ಇಂಟರ್‌ವ್ಯೂ." ಹಳೇ ಜಾಹೀರಾತನ್ನೇ ಕಾಪಿ ಮಾಡಿದ್ದ, ಲಿಂಕ್ ಅದರ ಜೊತೆ ಬಂದಿತ್ತು ಅಷ್ಟೇ. ಅವನಿಗೆ ಒಂದು ದಿನ ಹೋಯಿತು, ನನಗೆ ಈಗಲೂ ಬೇಸರವಿದೆ.

ಈಗ ನಾನು ಮೂರಕ್ಕೂ ಆಗುವಂಥ ಮೂರ್ನಾಲ್ಕು ಸಾಲು ಬರೆದು, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತೇನೆ. ಅವನಿಗಾದರೆ ಹೀಗೆ: "ಇದು ಪ್ರತಿ ತಿಂಗಳೂ ಗಡುವಿನ ಕೆಲಸ. ಸಾಮಾನ್ಯವಾಗಿ 7ಕ್ಕೆ ಟಿಡಿಎಸ್ ಕಟ್ಟಬೇಕು, ತಿಂಗಳ ರಿಟರ್ನ್ ಹಾಕುವವರಿಗೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಅವರು ಕೇಳಿದ್ದು ಕನಿಷ್ಠ 1 ವರ್ಷ, ನಿನ್ನ 8 ತಿಂಗಳು ಹತ್ತಿರವೇ ಇದೆ, ಇದರಲ್ಲಿ ಯಾವುದನ್ನು ನೀನೇ ಕೈಯಾರೆ ಮಾಡಿದ್ದೀಯ ಬರೆದಿಟ್ಟುಕೋ. ಅರ್ಜಿ ಹಾಕಿ ಆಯ್ತಾ?"

"ನಿನಗೇನು ಬೇಕು?" ಅಂತ ಮಾತ್ರ ಕೇಳಬೇಡಿ. ಎಷ್ಟೋ ಸಲ ಅದು ಅವರಿಗೇ ಸ್ಪಷ್ಟ ಇರಲ್ಲ, ತಲೆ ತಿಂದೆನೇನೋ ಅಂತ ಸಂಕೋಚಪಟ್ಟು "ಏನಿಲ್ಲ ಅಕ್ಕ" ಅಂದುಬಿಡುತ್ತಾರೆ. ಎಲ್ಲಿಯವರೆಗೆ ಬಂದಿದ್ದೇವೆ ಅನ್ನೋದು ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ? "ಹಾಕಿಲ್ಲ" ಅಂದರೆ ಬರೆದಿಟ್ಟ ಆ ಪಟ್ಟಿಯೇ ರೆಸ್ಯೂಮೆಗೆ ಹೋಗುತ್ತದೆ. "ಕರೆ ಬಂದಿದೆ" ಅಂದರೆ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಪುಸ್ತಕಕ್ಕೂ ತಾಳೆಯಾಗದಿದ್ದಾಗ ಹೇಗೆ ಹುಡುಕಿದೆ ಅನ್ನೋದನ್ನು ಬಾಯಲ್ಲಿ ಹೇಳಿಸಿ. "ಹಾಕಲಾ ಬೇಡ್ವಾ?" ಅಂದರೆ ಅವನಿಗೆ ಬೇಕಾದದ್ದು ಅರ್ಥ, ಆಗ ಸಂಬಳ, ಬಾಂಡ್, ಕೂಡಲೇ ಸೇರಬೇಕು ಅನ್ನುವ ಸಾಲುಗಳ ಹತ್ತಿರ ಕೂತು ನಿಧಾನವಾಗಿ ಓದಿ.

ಕೊನೆ ದಿನಾಂಕ ಇವತ್ತೇ ಇದ್ದರೆ ಮಾತ್ರ ಉತ್ತರಕ್ಕೆ ಕಾಯಬೇಡಿ. "ಹಾಕಿಲ್ಲ ಅಂದ್ರೆ ಈಗಲೇ ಹಾಕು" ಅಂತ ಮೊದಲ ಸಾಲಿನಲ್ಲೇ ಬರೆಯಿರಿ.