ಆ 2 ಎಲ್ಲಿ ಹೋಯಿತು? ವೃತ್ತದೊಳಗಿನ ಬಿಂದು ಮತ್ತು ಕೌಶಿ ಸೂತ್ರ

ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಗಣಿತ ಹೇಳಿಕೊಡುವಾಗ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು: "ಸರ್, ಎಲ್ಲಾ ಸ್ಟೆಪ್ ಕರೆಕ್ಟ್ ಅದಾವ್ರಿ, ಉತ್ತರ ಯಾಕ ಡಬಲ್ ಬಂತ್ರಿ?" ಒಂದೇ ಲೆಕ್ಕ ಇಟ್ಟುಕೊಂಡು ನೋಡೋಣ.

∮ e^z / (2z² + 5z − 3) dz, ವೃತ್ತ |z − 1| = 2, ಎಡಸುತ್ತು.

ಕೌಶಿ ಸೂತ್ರ ಗೊತ್ತೇ ಇದೆ: ∮ f(z)/(z − a) dz = 2πi f(a). f ಮಾತ್ರ ವೃತ್ತದ ಮೇಲೂ ಒಳಗೂ ಅನಲಿಟಿಕ್ ಆಗಿರಬೇಕು, a ಒಳಗಿರಬೇಕು.

ಛೇದವನ್ನು ಬಿಡಿಸಿದರೆ (2z − 1)(z + 3). ಅಂದರೆ ತೊಂದರೆ ಕೊಡುವ ಬಿಂದುಗಳು 1/2 ಮತ್ತು −3. ಇಲ್ಲಿ ದೂರವನ್ನು ಸೊನ್ನೆಯಿಂದ ಅಳೆಯಬೇಡಿ, ವೃತ್ತದ ಕೇಂದ್ರ 1 ಅಲ್ವಾ, ಅಲ್ಲಿಂದ ಅಳೆಯಿರಿ. 1/2 ಇರುವುದು ಅರ್ಧ ದೂರದಲ್ಲಿ, ತ್ರಿಜ್ಯ 2, ಹಾಗಾಗಿ ಅದು ಒಳಗೆ. −3 ಇರುವುದು 4 ದೂರದಲ್ಲಿ, ಅದು ಹೊರಗೆ.

ಹೊರಗಿರುವ ಬಿಂದುವಿನ ಅಪವರ್ತನವನ್ನು, ಅಂದರೆ z + 3 ಅನ್ನು, f ಒಳಗೆ ಸೇರಿಸಬೇಕು. ಬಹಳ ಜನ ಈಗ a = 1/2, f(z) = e^z/(z + 3) ಅಂತ ಬರೆದು 4πi√e/7 ಅನ್ನುತ್ತಾರೆ. ಡಬಲ್ ಆಗುವುದು ಇಲ್ಲೇ. ಸೂತ್ರದಲ್ಲಿ ಇರುವುದು z − a, ನಮ್ಮ ಬಳಿ ಇರುವುದು 2z − 1, ಅಂದರೆ 2(z − 1/2). ಆ 2 ಕೂಡ f ಒಳಗೇ ಹೋಗಬೇಕು.

f(z) = e^z / (2(z + 3))
f(1/2) = √e/7
ಉತ್ತರ: 2πi√e/7, ಸುಮಾರು 1.48i

ಇಷ್ಟು ದೊಡ್ಡ ವೃತ್ತದ ಲೆಕ್ಕ ಒಂದೇ ಬಿಂದುವಿನ ಬೆಲೆಯಿಂದ ಹೇಗೆ ಮುಗಿಯುತ್ತದೆ? ಬಿಂದುವನ್ನು ದಾಟದೆ ವೃತ್ತವನ್ನು ಕುಗ್ಗಿಸಿದರೆ ಇಂಟಿಗ್ರಲ್ ಬದಲಾಗುವುದಿಲ್ಲ, ಏಕೆಂದರೆ ನಡುವೆ ಬಿಟ್ಟ ಜಾಗದಲ್ಲೆಲ್ಲ ಫಂಕ್ಷನ್ ಅನಲಿಟಿಕ್. ಕುಗ್ಗಿಸುತ್ತಾ 1/2ರ ಸುತ್ತ ಪುಟ್ಟ ವೃತ್ತಕ್ಕೆ ಬಂದರೆ ಅಲ್ಲಿ f(z) ಹೆಚ್ಚುಕಡಿಮೆ f(1/2) ಆಗಿಯೇ ಇರುತ್ತದೆ, ಉಳಿಯುವುದು ∮ dz/(z − a), ಅದು ತ್ರಿಜ್ಯ ಎಷ್ಟೇ ಇರಲಿ 2πi.

ಉತ್ತರ ಸರಿಯೋ ಅಂತ ನೋಡಲು ನಾನು ಹುಡುಗರಿಗೆ ಹೇಳುವುದು ಇಷ್ಟೇ: ಮೂಲ ಛೇದದ ಡೆರಿವೇಟಿವ್ ತೆಗೆಯಿರಿ, 4z + 5. ಅದರಲ್ಲಿ z = 1/2 ಹಾಕಿದರೆ 7. √e ಕೆಳಗೆ ಅದೇ 7 ಬರಬೇಕು, 7/2 ಬಂದಿದ್ದರೆ 2 ಕಳೆದುಹೋಗಿದೆ. ಅಪವರ್ತನಗಳನ್ನು ಮತ್ತೆ ಬಿಡಿಸುವ ಗೋಜೇ ಇಲ್ಲ. ಆದರೆ ಛೇದದಲ್ಲಿ (z − a)² ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ, ಆಗ ಸೂತ್ರವೂ ಬೇರೆ, f′(a) ಬೇಕಾಗುತ್ತದೆ.

ವೃತ್ತ |z| = 3 ಅಂತ ಕೊಟ್ಟರೆ −3 ಗೆರೆಯ ಮೇಲೇ ಕೂರುತ್ತದೆ, ಅಲ್ಲಿ ಈ ಸೂತ್ರ ಹಾಕಲು ಬರುವುದಿಲ್ಲ. |z| = 4 ಆದರೆ ಎರಡೂ ಬಿಂದು ಒಳಗೆ. ಆಗ ಒಂದೊಂದರ ಸುತ್ತ ಒಂದು ಪುಟ್ಟ ವೃತ್ತ ಹಾಕಿ, ಬೇರೆ ಬೇರೆ ಲೆಕ್ಕ ಮಾಡಿ ಕೂಡಿಸಿ: −3ರಲ್ಲಿ 4z + 5 ಅಂದರೆ −7, ಹಾಗಾಗಿ ಒಟ್ಟು 2πi(√e − e⁻³)/7.