ಗ್ರಾವಿಟಿ ನೋಡದೆ ಲೋಡ್ ಹಾಕಬೇಡಿ

ಬೆಳಿಗ್ಗೆ ಸೆಲ್ಫ್ ಎತ್ತದ ಸರಕು ವಾಹನವೊಂದರ 12 ವೋಲ್ಟ್, 80 ಆಂಪಿಯರ್-ಅವರ್ ಬ್ಯಾಟರಿಯನ್ನು ಚಾಲಕರೊಬ್ಬರು ನಮ್ಮ ವರ್ಕ್‌ಶಾಪಿಗೆ ಹೊತ್ತು ತಂದಿದ್ದರು. ಬೇರೊಂದು ಅಂಗಡಿಯಲ್ಲಿ ಲೋಡ್ ಟೆಸ್ಟರ್ ಹಾಕಿದಾಗ ಮುಳ್ಳು ಕೆಂಪು ಪಟ್ಟಿಗೆ ಬಿದ್ದುದರಿಂದ, ಬ್ಯಾಟರಿ ಮುಗಿದಿದೆ, ಹೊಸದು ಹಾಕಿಸಿ ಎಂದು ಹೇಳಿ ಕಳುಹಿಸಿದ್ದರಂತೆ. ಟೆಸ್ಟರ್ ತೋರಿಸಿದ್ದು ಸುಳ್ಳಾಗಿರಲಿಲ್ಲ. ಆದರೆ ಅದನ್ನು ಹಾಕುವ ಮುನ್ನ ಮಾಡಬೇಕಿದ್ದ ಒಂದು ಕೆಲಸವನ್ನು ಯಾರೂ ಮಾಡಿರಲಿಲ್ಲ.

ಹೈಡ್ರೋಮೀಟರ್ ಅಳೆಯುವುದು ಆಮ್ಲದ ಸಾಂದ್ರತೆಯನ್ನು, ಅಂದರೆ ನಮ್ಮವರು ಗ್ರಾವಿಟಿ ಎನ್ನುವುದನ್ನು. ಬ್ಯಾಟರಿ ಖಾಲಿಯಾಗುತ್ತ ಹೋದಂತೆ ಗಂಧಕಾಮ್ಲವು ಪ್ಲೇಟುಗಳೊಂದಿಗೆ ಸೇರಿ ಸೀಸದ ಸಲ್ಫೇಟಾಗುತ್ತದೆ, ನೀರಿನ ಪಾಲು ಹೆಚ್ಚುತ್ತದೆ, ತೇಲುಗಡ್ಡಿ ಕೆಳಗಿಳಿಯುತ್ತದೆ. ಪೂರ್ತಿ ಚಾರ್ಜ್ ಆದ ಸೆಲ್ ಸಾಮಾನ್ಯವಾಗಿ 1.265ರ ಆಸುಪಾಸಿನಲ್ಲಿಯೂ, ಅರ್ಧ ಚಾರ್ಜಿನದು 1.190ರ ಹತ್ತಿರವೂ ಇರುತ್ತದೆ. ಲೋಡ್ ಟೆಸ್ಟರ್ ಕೇಳುವ ಪ್ರಶ್ನೆಯೇ ಬೇರೆ: ಸೆಲ್ಫ್ ಎಳೆಯುವಷ್ಟು ದೊಡ್ಡ ಕರೆಂಟನ್ನು ಎಳೆದಾಗ ಈ ಬ್ಯಾಟರಿ ಎಷ್ಟು ವೋಲ್ಟೇಜ್ ಹಿಡಿದುಕೊಳ್ಳುತ್ತದೆ? ಅರ್ಧ ಖಾಲಿಯಾದ ಒಳ್ಳೆಯ ಬ್ಯಾಟರಿಯೂ ಪೂರ್ತಿ ಚಾರ್ಜಾದ ಕೆಟ್ಟ ಬ್ಯಾಟರಿಯೂ ಈ ಪರೀಕ್ಷೆಯಲ್ಲಿ ಒಂದೇ ಬಗೆಯಲ್ಲಿ ಸೋಲಬಹುದಾದ್ದರಿಂದ, ಮುಕ್ಕಾಲು ಪಾಲಾದರೂ ಚಾರ್ಜ್ ಇಲ್ಲದೆ, ಅಂದರೆ ಗ್ರಾವಿಟಿ 1.225 ದಾಟದೆ, ಲೋಡ್ ಹಾಕಿ ತೀರ್ಪು ಕೊಡುವುದು ತಪ್ಪು.

ಆ ಬ್ಯಾಟರಿಯ ಆರೂ ಸೆಲ್‌ಗಳ ಗ್ರಾವಿಟಿ 1.175ರಿಂದ 1.185ರೊಳಗೆ ಇತ್ತು. ಕಡಿಮೆ ನಿಜ, ಆದರೆ ಆರರಲ್ಲಿಯೂ ಒಂದೇ ಸಮ. ಹಾಳಾದ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಸೆಲ್ ಮಾತ್ರ ಹಿಂದೆ ಬೀಳುತ್ತವೆ. ಆದ್ದರಿಂದ ಎಂಟು ಆಂಪಿಯರಿನಲ್ಲಿ ನಿಧಾನವಾಗಿ ಚಾರ್ಜಿಗೆ ಹಾಕಿ, ಗಂಟೆಗೊಮ್ಮೆ ನೋಡಿದಾಗ ಮೂರು ಬಾರಿ ಗ್ರಾವಿಟಿ ಮೇಲೇರದೆ ನಿಂತ ಮೇಲೆ ತೆಗೆದೆವು. ಎಲ್ಲ ಸೆಲ್‌ಗಳೂ 1.260ಕ್ಕೆ ಬಂದಿದ್ದವು. ಪ್ಲೇಟುಗಳ ಮೇಲ್ಮೈಯಲ್ಲಿ ನಿಂತ ಹುಸಿ ಚಾರ್ಜ್ ಇಳಿಯಲೆಂದು ಹೆಡ್‌ಲೈಟ್ ಬಲ್ಬೊಂದನ್ನು ಕೆಲ ನಿಮಿಷ ಉರಿಸಿ, ಸ್ವಲ್ಪ ಹೊತ್ತು ಬಿಟ್ಟು, ಲೋಡ್ ಹಾಕಿದೆವು. ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್ ಬರೆದಿದ್ದರೆ ಅದರ ಅರ್ಧದಷ್ಟು, ಇಲ್ಲವಾದರೆ ಆಂಪಿಯರ್-ಅವರ್‌ನ ಮೂರು ಪಟ್ಟು ಎಂಬುದು ಲೆಕ್ಕ. ಇಲ್ಲಿ 240 ಆಂಪಿಯರ್, ಹದಿನೈದು ಸೆಕೆಂಡ್. ನಮ್ಮ ಹವೆಯಲ್ಲಿ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು, ಇದು 10.3ರಲ್ಲಿ ನಿಂತಿತು. ಬ್ಯಾಟರಿ ಚೆನ್ನಾಗಿಯೇ ಇತ್ತು, ಆಲ್ಟರ್ನೇಟರಿನ ಬೆಲ್ಟ್ ಸಡಿಲವಾಗಿ ಅದಕ್ಕೆ ಹೊಟ್ಟೆ ತುಂಬುತ್ತಿರಲಿಲ್ಲ, ಅಷ್ಟೆ.

ಹಾಗೆಂದು ಹೈಡ್ರೋಮೀಟರನ್ನೇ ನಂಬಿ ಕೂರುವಂತಿಲ್ಲ. ಸೆಲ್‌ಗಳನ್ನು ಜೋಡಿಸುವ ಒಳಗಿನ ಬೆಸುಗೆ ಬಿರುಕುಬಿಟ್ಟ ಬ್ಯಾಟರಿಯಲ್ಲಿ ಆರೂ ಸೆಲ್ 1.265 ತೋರಿಸುತ್ತವೆ, ಮೀಟರ್ 12.6 ವೋಲ್ಟ್ ಎನ್ನುತ್ತದೆ, ಲೋಡ್ ಬಿದ್ದ ಕ್ಷಣವೇ ಮುಳ್ಳು ನೆಲ ಕಚ್ಚುತ್ತದೆ. ಆಮ್ಲಕ್ಕೆ ಬೆಸುಗೆಯ ಸುದ್ದಿ ತಿಳಿಯುವುದಿಲ್ಲ.

ಇದಕ್ಕೆ ವಿರುದ್ಧವಾಗಿ, ಮಲ್ಟಿಮೀಟರಿನ ಕಣ್ಣಿಗೆ ಬೀಳದ ದೋಷವನ್ನು ಹೈಡ್ರೋಮೀಟರ್ ಬಯಲು ಮಾಡುತ್ತದೆ. ವಿಶ್ರಾಂತಿಯಲ್ಲಿರುವ ಸೆಲ್‌ನ ವೋಲ್ಟೇಜ್ ಸುಮಾರಾಗಿ ಅದರ ಗ್ರಾವಿಟಿಗೆ 0.84 ಸೇರಿಸಿದಷ್ಟು. ಐದು ಸೆಲ್ 1.260, ಒಂದು ಮಾತ್ರ 1.170 ಇದ್ದರೆ ಒಟ್ಟು ವೋಲ್ಟೇಜ್ 12.51 ಬರುತ್ತದೆ, ಅದನ್ನು ನೋಡಿದವರು ಬ್ಯಾಟರಿ ಸುಸ್ಥಿತಿಯಲ್ಲಿದೆ ಎಂದೇ ಹೇಳುತ್ತಾರೆ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಸೆಲ್‌ಗಳ ನಡುವೆ 0.050ರಷ್ಟು ಅಂತರ ಉಳಿದರೆ ಆ ಸೆಲ್ ಮುಗಿದಂತೆ. ಆ ಸೆಲ್‌ನಿಂದ ಹೀರಿದ ಆಮ್ಲ ಕಂದು ಬಣ್ಣಕ್ಕೆ ತಿರುಗಿದ್ದರೆ ಪ್ಲೇಟಿನ ಪುಡಿ ಉದುರಿದೆಯೆಂದೇ ಅರ್ಥ.

ಹೈಡ್ರೋಮೀಟರ್ ಮೋಸ ಮಾಡುವ ಸಂದರ್ಭವೂ ಇದೆ. ಆಗಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಿದ್ದರೆ ನೀರು ಮೇಲೆ, ಆಮ್ಲ ಕೆಳಗೆ ನಿಂತಿರುತ್ತದೆ. ಮೇಲಿನಿಂದ ಹೀರಿದ ದ್ರವ ಸುಳ್ಳು ಲೆಕ್ಕ ಕೊಡುತ್ತದೆ. ಚಾರ್ಜ್ ಮಾಡಿ ಬೆರೆಸಿದ ಮೇಲೆಯೇ ಅಳೆಯಬೇಕು. ಬಾನೆಟ್ಟಿನೊಳಗೆ ಕಾದ ಆಮ್ಲವೂ ತೆಳುವಾಗಿ ಕಾಣುತ್ತದೆ: 27 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರಿನಲ್ಲಿ 42 ಡಿಗ್ರಿಯ ಆಮ್ಲವನ್ನು ಅಳೆದರೆ ಬಂದ ಅಂಕಿಗೆ ಸುಮಾರು 0.010 ಕೂಡಿಸಬೇಕಾಗುತ್ತದೆ.

ಮುಚ್ಚಳವೇ ತೆರೆಯದ ಮೆಂಟೆನೆನ್ಸ್ ಫ್ರೀ ಬ್ಯಾಟರಿಯಲ್ಲಿ ಈ ದಾರಿ ಇಲ್ಲ. ಅಲ್ಲಿ ವಿಶ್ರಾಂತಿಯಲ್ಲಿರುವಾಗಿನ ವೋಲ್ಟೇಜ್ 12.4 ಇದೆಯೇ ಎಂದು ನೋಡಿ, ಕಡಿಮೆಯಿದ್ದರೆ ಚಾರ್ಜ್ ಮಾಡಿ, ಆಮೇಲೆ ಲೋಡ್ ಹಾಕಬೇಕು. ಕೈಯಲ್ಲಿ ಹಿಡಿಯುವ ಅಗ್ಗದ ಟೆಸ್ಟರ್‌ಗಳು ಬಹುಪಾಲು 100 ಆಂಪಿಯರ್ ಮಾತ್ರ ಎಳೆಯುತ್ತವೆ ಎಂಬುದನ್ನು ಮರೆಯಬಾರದು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಗೆ ಅದು ಸರಿಹೊಂದುತ್ತದೆ, ಆದರೆ 80ರದ್ದಕ್ಕೆ ಅದು ಹಗುರ ಹೊರೆಯಾದ್ದರಿಂದ ಸೊರಗಿದ ಬ್ಯಾಟರಿಯೂ ಹಸಿರು ಪಟ್ಟಿಯಲ್ಲೇ ನಿಂತು ಪಾಸಾಗಿಬಿಡುತ್ತದೆ. ಚಾರ್ಜಿನಿಂದ ತೆಗೆದ ಕೂಡಲೇ ಕ್ಲಿಪ್ ಹಚ್ಚುವುದೂ ಬೇಡ, ಸೆಲ್‌ಗಳ ಮೇಲೆ ಹೈಡ್ರೋಜನ್ ನಿಂತಿರುತ್ತದೆ, ಒಂದು ಕಿಡಿ ಸಾಕು.