ಗುಪ್ತೋಷ್ಣ: ಮಂಜುಗಡ್ಡೆ ನುಂಗುವ ಶಾಖ, ಫ್ಯಾನ್ ತಿನ್ನುವ ವಿದ್ಯುತ್

ಗುಪ್ತ ಮತ್ತು ಉಷ್ಣ ಸೇರಿ ಗುಪ್ತೋಷ್ಣ. ವ್ಯಾಕರಣದಲ್ಲಿ ಇದು ಗುಣಸಂಧಿ. ಭೌತವಿಜ್ಞಾನದಲ್ಲಿ ಥರ್ಮಾಮೀಟರ್‌ಗೆ ಸುಳಿವು ಕೊಡದೆ ಒಳಗೆ ಸೇರಿಕೊಳ್ಳುವ ಶಾಖ. ಕರಗುತ್ತಿರುವ ಮಂಜುಗಡ್ಡೆಯ ತಟ್ಟೆಯಲ್ಲಿ ಥರ್ಮಾಮೀಟರ್ ಇಟ್ಟು ಆಗಾಗ ಕಲಕುತ್ತಿದ್ದರೆ, ಕೊನೆಯ ಚೂರು ಕರಗುವವರೆಗೂ ಪಾದರಸ ಸೊನ್ನೆಯ ಆಸುಪಾಸಿನಲ್ಲೇ ಕೂತಿರುತ್ತದೆ. ಕೋಣೆಯಿಂದ ಶಾಖ ಒಂದೇ ಸಮನೆ ಒಳಗೆ ಬರುತ್ತಿದೆ, ತಾಪಮಾನ ಮಾತ್ರ ಏರುತ್ತಿಲ್ಲ. ಬಂದ ಶಾಖವೆಲ್ಲ ಗಟ್ಟಿಯನ್ನು ನೀರಾಗಿಸುವ ಕೆಲಸಕ್ಕೇ ಖರ್ಚಾಗುತ್ತಿದೆ.

ಇದನ್ನು ಮೊದಲು ಅಳೆದು ತೋರಿಸಿದವರಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಪ್ರಮುಖ. 1760ರ ದಶಕದ ಆರಂಭದಲ್ಲಿ ಆತ ಎರಡು ಗಾಜಿನ ಬುರುಡೆಗಳನ್ನು ಒಂದೇ ಕೋಣೆಯಲ್ಲಿ ತೂಗುಹಾಕಿದ. ಒಂದರಲ್ಲಿ ಹೆಪ್ಪುಗಟ್ಟುವ ಅಂಚಿನಲ್ಲಿದ್ದ ನೀರು, ಇನ್ನೊಂದರಲ್ಲಿ ಅಷ್ಟೇ ತೂಕದ ಮಂಜುಗಡ್ಡೆ. ನೀರು ಅರ್ಧ ಗಂಟೆಯಲ್ಲಿ ತಲುಪಿದ ತಾಪಮಾನವನ್ನು ಮಂಜುಗಡ್ಡೆ ತಲುಪಲು ಹತ್ತೂವರೆ ಗಂಟೆ ಹಿಡಿಯಿತು. ನಡುವಿನ ಹತ್ತು ಗಂಟೆಯ ಶಾಖ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರವೇ ಗುಪ್ತೋಷ್ಣ. ಇಂದಿನ ಲೆಕ್ಕದಲ್ಲಿ ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು. ಅದೇ ಶಾಖ ಒಂದು ಕಿಲೋ ತಣ್ಣೀರನ್ನು 80 ಡಿಗ್ರಿಗೆ ಏರಿಸಬಲ್ಲದು.

ಈಗ ಬಹಳ ಜನ ಎಡವುವ ಲೆಕ್ಕಕ್ಕೆ ಬರೋಣ. ಹತ್ತು ಕಿಲೋ ಮಂಜುಗಡ್ಡೆ ಕರಗುವಾಗ 3.34 ಮೆಗಾಜೂಲ್ ಹೀರುತ್ತದೆ. ವಿದ್ಯುತ್ತಿನ ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್, ಅಂದರೆ ಈ ಗಡ್ಡೆ ಹೆಚ್ಚುಕಡಿಮೆ 0.93 ಯೂನಿಟ್‌ನಷ್ಟು ಶಾಖವನ್ನು ಕೋಣೆಯಿಂದ ತೆಗೆಯುತ್ತದೆ. ಕರಗಿದ ನೀರು 30 ಡಿಗ್ರಿಯವರೆಗೆ ಬಿಸಿಯಾಗುವಾಗ ಹೀರುವುದನ್ನೂ ಸೇರಿಸಿದರೆ ಮೊತ್ತ ಸುಮಾರು 1.3 ಯೂನಿಟ್. (ಆ ನೀರನ್ನು ಕೂಡಲೇ ಚೆಲ್ಲುವವರು ಕಾಲುಭಾಗಕ್ಕಿಂತ ಹೆಚ್ಚು ತಂಪನ್ನು ಚರಂಡಿಗೆ ಬಿಡುತ್ತಾರೆ.) ಇತ್ತ 50 ವ್ಯಾಟಿನ ಮೇಜಿನ ಫ್ಯಾನ್ ಎಂಟು ಗಂಟೆ ತಿರುಗಿದರೆ 0.4 ಯೂನಿಟ್ ಮಾತ್ರ. ಹಾಗಾದರೆ ಗಡ್ಡೆ ಮೂರು ಫ್ಯಾನಿಗೆ ಸಮವೇ?

ಅಲ್ಲ. ಎರಡೂ ಯೂನಿಟ್‌ನಲ್ಲಿವೆ ಎಂದಮಾತ್ರಕ್ಕೆ ಎರಡೂ ಒಂದೇ ಅಲ್ಲ. ಮೊದಲನೆಯದು ಕೋಣೆಯಿಂದ ಹೊರಟ ಶಾಖ. ಎರಡನೆಯದು ಕೋಣೆಗೆ ಬಂದ ವಿದ್ಯುತ್. ಫ್ಯಾನ್ ಗಾಳಿಯನ್ನು ತಂಪು ಮಾಡುವುದೇ ಇಲ್ಲ. ಅದು ತಿಂದ 50 ವ್ಯಾಟ್ ಕೊನೆಗೆ ಮೋಟರಿನ ಬಿಸಿಯಾಗಿ, ಗಾಳಿಯ ಘರ್ಷಣೆಯಾಗಿ ಕೋಣೆಯಲ್ಲೇ ಉಳಿಯುತ್ತದೆ. ಬಾಗಿಲು ಮುಚ್ಚಿದ ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನ್ ಒಂದು ಸಣ್ಣ ಹೀಟರ್.

ಮತ್ತೆ ಅದರ ಕೆಳಗೆ ಕೂತವರಿಗೆ ಹಾಯೆನಿಸುವುದು ಏಕೆ? ಅಲ್ಲೂ ಗುಪ್ತೋಷ್ಣವೇ ಇದೆ, ಬೇರೆ ಬಗೆಯದು. ಚರ್ಮದ ಮೇಲಿನ ಬೆವರು ಆವಿಯಾಗಲು ಪ್ರತಿ ಗ್ರಾಂಗೆ ಸುಮಾರು 2.4 ಕಿಲೋಜೂಲ್ ಬೇಕು, ಮಂಜುಗಡ್ಡೆ ಕರಗಲು ಬೇಕಾದುದರ ಏಳು ಪಟ್ಟು. ಗಂಟೆಗೆ ನೂರೈವತ್ತು ಗ್ರಾಂ ಬೆವರು ಪೂರ್ತಿ ಆರಿದರೆ ಮೈಯಿಂದ 100 ವ್ಯಾಟ್ ಹೊರಹೋಗುತ್ತದೆ. ಸುಮ್ಮನೆ ಕೂತ ಮನುಷ್ಯನ ದೇಹ ಹುಟ್ಟಿಸುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಫ್ಯಾನ್ ಮಾಡುವುದು ಮೈಗೆ ಅಂಟಿಕೊಂಡ ತೇವದ ಗಾಳಿಯನ್ನು ಸರಿಸಿ ಒಣಗಾಳಿಗೆ ಜಾಗ ಮಾಡಿಕೊಡುವ ಕೆಲಸ. ಮಂಜುಗಡ್ಡೆ ಕೋಣೆಗೆ, ಫ್ಯಾನ್ ಮೈಗೆ. ಗಾಳಿ ಆಗಲೇ ತೇವದಿಂದ ತುಂಬಿದ್ದರೆ ಬೆವರು ಆರದು, ಫ್ಯಾನಿನ ಆಟ ಅಲ್ಲಿಗೆ ಮುಗಿಯುತ್ತದೆ.

ಇನ್ನು ಫ್ಯಾನಿನ ಮುಂದೆ ಗಡ್ಡೆ ಇಡುವ ಉಪಾಯ. ಹತ್ತು ಕಿಲೋದ ಗಡ್ಡೆಯನ್ನು ಘನಾಕಾರ ಎಂದುಕೊಂಡರೆ ಒಂದು ಬದಿ 22 ಸೆಂಟಿಮೀಟರ್, ಆರೂ ಮುಖ ಸೇರಿ ಮೇಲ್ಮೈ 0.3 ಚದರ ಮೀಟರಿಗೂ ತುಸು ಕಡಿಮೆ. ಶಾಖ ಒಳಗೆ ಹೋಗಬೇಕಾದದ್ದು ಈ ಮೇಲ್ಮೈಯಿಂದಲೇ. 30 ಡಿಗ್ರಿಯ ನಿಂತ ಗಾಳಿಯಲ್ಲಿ ಅದು ಸುಮಾರು 90 ವ್ಯಾಟ್ ಹೀರುತ್ತದೆ, ಗಾಳಿ ಬೀಸಿದರೆ ಸುಮಾರು 200 ವ್ಯಾಟ್. ಕೇಳಲು ದೊಡ್ಡದು. ಆದರೆ ಮೇಜಿನ ಫ್ಯಾನ್ ಸೆಕೆಂಡಿಗೆ ಅರ್ಧ ಘನಮೀಟರ್, ಅಂದರೆ 0.6 ಕಿಲೋ ಗಾಳಿಯನ್ನು ತಳ್ಳುತ್ತದೆ ಎಂದಿಟ್ಟುಕೊಳ್ಳಿ. 200 ವ್ಯಾಟನ್ನು ಅಷ್ಟು ಗಾಳಿಗೆ ಹಂಚಿದರೆ ಸಿಗುವ ಇಳಿಕೆ ಒಂದು ಡಿಗ್ರಿಯ ಮೂರನೇ ಒಂದು ಪಾಲು! ಗಡ್ಡೆಯ ಪಕ್ಕದಲ್ಲೇ ಕೈ ಹಿಡಿದರೆ ಚಳಿ ತಾಗುವುದು ನಿಜ, ಗಡ್ಡೆಯನ್ನು ಸವರಿ ಬರುವ ತೆಳ್ಳನೆಯ ಪದರ ತಂಪಾಗಿಯೇ ಇರುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ಆ ಪದರ ಉಳಿದ ಗಾಳಿಯಲ್ಲಿ ಕರಗಿಹೋಗಿರುತ್ತದೆ. ಗಡ್ಡೆಯನ್ನು ಒಡೆದು ಚೂರು ಮಾಡಿದರೆ ಮೇಲ್ಮೈ ಹೆಚ್ಚಿ ತಂಪು ಬೇಗ ಬರುತ್ತದೆ, ಬೇಗ ಮುಗಿಯುತ್ತದೆ. ಒಟ್ಟು ಮೊತ್ತ ಬದಲಾಗುವುದಿಲ್ಲ.

ಎಸಿಯ ಮೇಲೆ ಬರೆದಿರುವ ಟನ್ ಎಂಬ ಅಳತೆ ಹುಟ್ಟಿದ್ದೂ ಈ ಗಡ್ಡೆಯಿಂದಲೇ. 2000 ಪೌಂಡ್, ಅಂದರೆ 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಿದಾಗ ಸಿಗುವ ತಂಪಿನ ದರ ಒಂದು ಟನ್, ಸುಮಾರು 3.5 ಕಿಲೋವ್ಯಾಟ್. ಒಂದೂವರೆ ಟನ್ ಎಸಿ ಪೂರ್ತಿ ಬಲದಲ್ಲಿ ಓಡುವಾಗ ಗಂಟೆಗೆ 57 ಕಿಲೋ ಗಡ್ಡೆ ಕರಗಿಸಿದಂತೆ. ನಮ್ಮ ಹತ್ತು ಕಿಲೋ ಅದರ ಹತ್ತೂವರೆ ನಿಮಿಷದ ಕೆಲಸ.

ಗಡ್ಡೆಯನ್ನು ಮನೆಯ ಫ್ರಿಜ್‌ನಲ್ಲೇ ಕಟ್ಟಿಸಿದರೆ ಲೆಕ್ಕ ಇನ್ನೂ ಕೆಡುತ್ತದೆ. 30 ಡಿಗ್ರಿಯ ಹತ್ತು ಲೀಟರ್ ನೀರನ್ನು ಗಡ್ಡೆಯಾಗಿಸಲು ತೆಗೆಯಬೇಕಾದ ಶಾಖ ಅದೇ 1.3 ಯೂನಿಟ್. ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಯೂನಿಟ್ ಶಾಖ ಹೊರಹಾಕುವ ಫ್ರಿಜ್ ಆದರೆ ಖರ್ಚು 0.65 ಯೂನಿಟ್, ಇಡೀ ರಾತ್ರಿಯ ಫ್ಯಾನಿಗಿಂತ ಹೆಚ್ಚು. ಹೊರತೆಗೆದ ಶಾಖ, ತಿಂದ ವಿದ್ಯುತ್ ಎರಡೂ ಫ್ರಿಜ್‌ನ ಹಿಂಬದಿಯಿಂದ ಹೊರಬೀಳುತ್ತವೆ. ಫ್ರಿಜ್ ಅದೇ ಕೋಣೆಯಲ್ಲಿದ್ದರೆ ಗಡ್ಡೆ ಕರಗಿ ಮುಗಿದ ಮೇಲೆ ಆ 0.65 ಯೂನಿಟ್ ಬಿಸಿ ಉಳಿದೇ ಇರುತ್ತದೆ. ಬೇರೆ ಕೋಣೆಯಲ್ಲಿದ್ದರೆ ಮಾತ್ರ ಒಂದು ಕಡೆಯ ಬಿಸಿಯನ್ನು ಇನ್ನೊಂದು ಕಡೆ ಸಾಗಿಸಿದಂತಾಗುತ್ತದೆ.

ಗಡ್ಡೆಯ ತಂಪೆಲ್ಲ ಗಾಳಿಯ ತಾಪಮಾನ ಇಳಿಸಲು ಹೋಯಿತೇ ಎಂದು ತಿಳಿಯಲು ಒಂದು ತಕ್ಕಡಿ ಸಾಕು. ತಟ್ಟೆ ಸಮೇತ ಗಡ್ಡೆಯನ್ನು ಮೊದಲು ತೂಗಿ, ಕರಗಿದ ಕೂಡಲೇ ಮತ್ತೆ ತೂಗಿ. ತೇವದ ಹವೆಯಲ್ಲಿ ತೂಕ ಹೆಚ್ಚಿರುತ್ತದೆ: ಗಾಳಿಯ ಆವಿ ಗಡ್ಡೆಯ ಮೇಲೆ ಹನಿಗಟ್ಟಿ ತಟ್ಟೆಗೆ ಇಳಿದಿದೆ. ಹತ್ತು ಕಿಲೋ ಇದ್ದದ್ದು 10.4 ಆಗಿದ್ದರೆ, ಆ 400 ಗ್ರಾಂ ಆವಿ ನೀರಾಗುವಾಗ ಬಿಟ್ಟುಕೊಟ್ಟ ಗುಪ್ತೋಷ್ಣ ಒಂದು ಮೆಗಾಜೂಲ್. ಕರಗಿದ ಗಡ್ಡೆಯಲ್ಲಿ ಮೂರು ಕಿಲೋ ಕರಗಿದ್ದು ಕೋಣೆಯ ಬಿಸಿಯಿಂದಲ್ಲ, ಆ ಆವಿಯಿಂದ. ಇದನ್ನು ಪೂರ್ತಿ ನಷ್ಟ ಎನ್ನಲಾರೆ. ಗಾಳಿ ಅಷ್ಟು ಒಣಗಿದೆ, ಫ್ಯಾನಿನ ಕೆಳಗೆ ಬೆವರು ಅಷ್ಟು ಬೇಗ ಆರುತ್ತದೆ. ಆದರೆ ತಟ್ಟೆಯ ನೀರನ್ನು ಅಲ್ಲೇ ಬಿಟ್ಟರೆ ಅದು ನಿಧಾನವಾಗಿ ಆವಿಯಾಗಿ ಮತ್ತೆ ಗಾಳಿ ಸೇರುತ್ತದೆ. ಹಾಗಾಗಿ ತಟ್ಟೆಯ ನೀರು ಕೋಣೆಯಷ್ಟು ಬೆಚ್ಚಗಾದ ಮೇಲೆ ಚೆಲ್ಲುವುದು ಸರಿಯಾದ ಹೊತ್ತು.